ಐದು ಫ್ಯಾನು, ಎರಡು ಗೀಸರು, ಒಂದು ಸೋಫಾ

ಬೆಂಗಳೂರಿನಲ್ಲಿ ಸಾಮಾನು ಸಮೇತ ಬಾಡಿಗೆಗೆ ಸಿಗುವ ಫ್ಲ್ಯಾಟಿನ ಕರಾರುಪತ್ರ ನಿಮ್ಮ ಕೈಯಲ್ಲಿದ್ದರೆ ಅದರ ಕೊನೆಯ ಪುಟ ತೆಗೆದು ನೋಡಿ. ಸಾಕ್ಷಿಗಳ ಸಹಿಗೆ ಸ್ವಲ್ಪ ಮೇಲೆ ಹೆಚ್ಚುಕಡಿಮೆ ಹೀಗೆ ಬರೆದಿರುತ್ತದೆ: ಫ್ಯಾನು 5, ಟ್ಯೂಬ್‌ಲೈಟು 6, ಗೀಸರು 2, ಸೋಫಾ 1, ಮಂಚ 2, ಫ್ರಿಜ್ಜು 1, ವಾಷಿಂಗ್ ಮೆಷಿನ್ 1, ಟಿವಿ 1. ಅದರ ಕೆಳಗೆ ಒಂದು ಸಾಲು: ಇವೆಲ್ಲ ಸುಸ್ಥಿತಿಯಲ್ಲಿದ್ದು, ಬಾಡಿಗೆದಾರರು ಇದೇ ಸ್ಥಿತಿಯಲ್ಲಿ ಹಿಂತಿರುಗಿಸತಕ್ಕದ್ದು. ಬ್ರೋಕರೋ ಟೈಪ್ ಮಾಡುವವರೋ ಹಿಂದಿನ ಬಾಡಿಗೆದಾರರ ಕರಾರಿನಿಂದ ಹೆಸರಷ್ಟೇ ಬದಲಿಸಿ ಇಳಿಸಿಕೊಂಡ ಪುಟ ಅದು. ಬರೆಯುವಾಗ ಅವರು ಆ ಮನೆಯೊಳಗೆ ಕಾಲಿಟ್ಟಿರುವುದೇ ಅಪರೂಪ.

ಈ ಪಟ್ಟಿ ಉತ್ತರಿಸುವುದು ಒಂದೇ ಪ್ರಶ್ನೆಗೆ, ವಸ್ತು ಮನೆಯಲ್ಲಿದೆಯೇ ಇಲ್ಲವೇ ಎಂಬುದಕ್ಕೆ. ಆದರೆ ಮನೆ ಖಾಲಿ ಮಾಡುವ ದಿನ ಫ್ರಿಜ್ಜೇ ಇಲ್ಲ ಎಂದು ಯಾರೂ ಜಗಳ ತೆಗೆಯುವುದಿಲ್ಲ. ಫ್ರಿಜ್ಜಿನ ತರಕಾರಿ ಡಬ್ಬ ಯಾವಾಗ ಒಡೆಯಿತು, ಹಾಸಿಗೆಯ ಕಲೆ ಯಾರದು, ಬ್ಯಾಟರಿ ಸತ್ತದ್ದು ನೀರು ಹಾಕದೆಯೋ ವಯಸ್ಸಾಗಿಯೋ, ಜಗಳವೆಲ್ಲ ಇಂಥವುಗಳ ಮೇಲೆ. ಇದಕ್ಕೆಲ್ಲ ಸಂಖ್ಯೆಯ ಪಟ್ಟಿಯಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಕಡೆ ಹಣ ಯಾರ ಕೈಯಲ್ಲಿದೆಯೋ ಅವರ ಮಾತೇ ನಡೆಯುತ್ತದೆ, ಮತ್ತು ಅಡ್ವಾನ್ಸ್ ಇರುವುದು ಓನರ್ ಬಳಿ.

ಕಾನೂನು ಇಲ್ಲಿ ಏನೂ ಹೇಳಿಲ್ಲವೆಂದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ, ಬಾಡಿಗೆದಾರರು ಸ್ವತ್ತನ್ನು ವಶಕ್ಕೆ ಪಡೆದಾಗ ಇದ್ದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಸವೆತಕ್ಕೆ ಅವರು ಹೊಣೆಯಲ್ಲ ಎನ್ನುತ್ತದೆ. ಸಾಮಾನುಗಳ ವಿಷಯದಲ್ಲಿ ಕರಾರಿನಲ್ಲಿ ಏನು ಬರೆದಿದೆ ಎಂಬುದೇ ಮುಖ್ಯವಾದರೂ ಅಳತೆಗೋಲು ಇದೇ. ತೊಡಕೆಂದರೆ, ವಶಕ್ಕೆ ಪಡೆದಾಗ ಇದ್ದ ಸ್ಥಿತಿ ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ಕರಾರಿನಲ್ಲಿ ‘ಸುಸ್ಥಿತಿ’ ಎಂದಿದ್ದರೆ, ಏಳು ವರ್ಷ ಹಳೆಯ ಸೋಫಾವನ್ನೂ ನೀವು ಸುಸ್ಥಿತಿಯಲ್ಲೇ ಪಡೆದಿರಿ ಎಂದು ನೀವೇ ಸಹಿ ಹಾಕಿಕೊಟ್ಟಂತೆ.

ಇಂಗ್ಲೆಂಡಿಗೆ ಕೆಲಸಕ್ಕೆ ಹೋದ ಕನ್ನಡಿಗರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತದೆ. ಅಲ್ಲಿ 2007ರ ಏಪ್ರಿಲ್‌ನಿಂದ ಇಂಥ ಬಾಡಿಗೆಗಳ ಠೇವಣಿಯನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಡಿ ಇಡಲೇಬೇಕು. ತಕರಾರು ಬಂದರೆ ಒಳಬಂದ ದಿನದ ಪಟ್ಟಿಯನ್ನೂ ಹೊರಹೋದ ದಿನದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ತೀರ್ಮಾನ ಮಾಡುತ್ತಾರೆ. ಹಣ ಕಡಿತ ಮಾಡಬೇಕೆಂದರೆ ಅದಕ್ಕೆ ಪುರಾವೆ ಕೊಡಬೇಕಾದವರು ಮಾಲೀಕರು. ಹಾಗಾಗಿ ಒಳ್ಳೆಯ ಪಟ್ಟಿ ಅಲ್ಲಿ ಮಾಲೀಕರ ತಲೆನೋವು. ನಮ್ಮಲ್ಲಿ ಅದು ಬಾಡಿಗೆದಾರರ ತಲೆನೋವು, ಅವರು ಆ ಪುಟವನ್ನು ಓದದೆ ಸಹಿ ಹಾಕುತ್ತಾರೆ.

ಒಂದು ಮನೆಯನ್ನೇ ಹಿಡಿದು ನೋಡೋಣ. ಜೆ.ಪಿ. ನಗರದಲ್ಲಿ ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟು ಎಂದಿಟ್ಟುಕೊಳ್ಳಿ. ಬಾಡಿಗೆ 40,000, ಅಡ್ವಾನ್ಸ್ ಐದು ತಿಂಗಳದ್ದು, ಅಂದರೆ 2 ಲಕ್ಷ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕಾಗುತ್ತದೆ ಎಂಬ ಕಾರಣಕ್ಕೆ ಎಲ್ಲರಂತೆ 11 ತಿಂಗಳ ಕರಾರು. ಒಳಬರುವವರು ಗಂಡ ಹೆಂಡತಿ, ಇಬ್ಬರೂ ಕೆಲಸಕ್ಕೆ ಹೋಗುವವರು.

ಪಟ್ಟಿ ಬರೆಯುವ ಕೆಲಸ ಇವರ ಸಾಮಾನು ಒಳಬರುವ ಮೊದಲೇ ಆಗಬೇಕು, ಹಗಲು ಬೆಳಕಿನಲ್ಲಿ, ಕರೆಂಟೂ ನೀರೂ ಇರುವಾಗ. ಎರಡು ಮೂರು ಗಂಟೆ ಹಿಡಿಯುತ್ತದೆ. ಓನರ್ ಅಥವಾ ಅವರ ಕಡೆಯವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ನ್ಯೂನತೆ ಕಂಡ ಕೂಡಲೇ ಅಲ್ಲೇ ತೋರಿಸಿಬಿಟ್ಟರೆ ಆಮೇಲೆ ಮಾತು ಬೆಳೆಯುವುದಿಲ್ಲ. ಕೈಯಲ್ಲಿ ಫೋನು, ಸಾಕೆಟ್ ಪರೀಕ್ಷಿಸಲು ಒಂದು ಚಾರ್ಜರ್, ಒಂದು ಬಕೆಟ್ಟು, ಒಂದಷ್ಟು ಹಾಳೆ ಇದ್ದರೆ ಸಾಕು.

ಸುತ್ತುವುದಕ್ಕೂ ಒಂದು ಕ್ರಮ ಬೇಕು, ಇಲ್ಲದಿದ್ದರೆ ಕಣ್ಣು ದೊಡ್ಡ ವಸ್ತುಗಳ ಮೇಲೆ ಕೂತು ಚಿಕ್ಕವನ್ನು ಬಿಟ್ಟುಬಿಡುತ್ತದೆ. ಕೋಣೆಯ ಬಾಗಿಲಲ್ಲಿ ನಿಂತು ಎಡಗಡೆಯಿಂದ ಶುರುಮಾಡಿ, ಗೋಡೆಗುಂಟ ಒಂದು ಸುತ್ತು ಹಾಕಿ ಮತ್ತೆ ಬಾಗಿಲಿಗೆ ಬನ್ನಿ. ಆಮೇಲೆ ಕೋಣೆಯ ನಡುವಿನದು, ಕೊನೆಗೆ ನೆಲ ಮತ್ತು ಸೀಲಿಂಗು. ಪ್ರತಿ ವಸ್ತುವಿಗೂ ಕೋಣೆಯ ಹೆಸರಿನ ಮೊದಲ ಅಕ್ಷರ ಮತ್ತು ಒಂದು ಸಂಖ್ಯೆ ಕೊಡಿ. ಹಾಲ್‌ನ ಮೂರನೆಯ ವಸ್ತು ಹಾ-3, ಅಡುಗೆಮನೆಯ ಎಂಟನೆಯದು ಅ-8. ಫೋಟೋಗೂ ಅದೇ ಗುರುತು. ವರ್ಷದ ನಂತರ ‘ಯಾವ ಕುರ್ಚಿ’ ಎಂಬ ಪ್ರಶ್ನೆಯೇ ಏಳಬಾರದು.

ಬಾಗಿಲಿನಿಂದಲೇ ಬರವಣಿಗೆ ಶುರುವಾಗಲಿ. ಮುಖ್ಯ ಬಾಗಿಲಿನ ಬೀಗದ ಕೈ ಎಷ್ಟು ಕೊಟ್ಟರು, ಕೋಣೆಗಳದ್ದೆಷ್ಟು, ಕಬೋರ್ಡುಗಳದ್ದೆಷ್ಟು, ಲಿಫ್ಟ್ ಅಥವಾ ಗೇಟಿನ ಕಾರ್ಡು ಇದೆಯೇ, ಕಾರಿನ ಸ್ಟಿಕ್ಕರ್ ಇದೆಯೇ ಎಂಬುದನ್ನು ಬರೆದುಕೊಳ್ಳಿ. ಕೊಟ್ಟ ಕೈಗಳನ್ನೆಲ್ಲ ಮೇಜಿನ ಮೇಲೆ ಹರಡಿ ಒಂದೇ ಫೋಟೋ ತೆಗೆದರೆ ಮುಗಿಯಿತು. ಕರೆಂಟಿನ ಮೀಟರಿನ ಆ ದಿನದ ರೀಡಿಂಗ್ ಮತ್ತು ಆರ್.ಆರ್. ನಂಬರನ್ನು ಮೊದಲ ಪುಟದಲ್ಲೇ ದಾಖಲಿಸಿ. ಹಿಂದಿನವರ ಬಿಲ್ಲು ನಿಮ್ಮ ತಲೆಗೆ ಬರದಿರಲು ಅದೊಂದೇ ದಾರಿ.

ಹಾಲ್‌ಗೆ ಬಂದರೆ ಮೊದಲು ಸಿಗುವುದು ಸೋಫಾ. ಪಟ್ಟಿಯ ಒಂದು ಸಾಲು ಹೇಗಿರಬೇಕು ಎಂಬುದಕ್ಕೆ ಇದನ್ನೇ ಮಾದರಿ ಮಾಡಿಕೊಳ್ಳಬಹುದು. ‘ಹಾ-3. ಮೂವರು ಕೂರುವ ಸೋಫಾ, ಬೂದು ಬಣ್ಣದ ಬಟ್ಟೆ. ಎಡ ತೋಳಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಂದು ಕಲೆ. ನಡುವಿನ ಕುಶನ್ನಿನ ಜಿಪ್ಪು ಕಿತ್ತಿದೆ. ಹಿಂದಿನ ಬಲಗಾಲು ಅಲುಗುತ್ತದೆ. ಮಾಲೀಕರು ಹೇಳಿದಂತೆ 2019ರಲ್ಲಿ ಕೊಂಡದ್ದು. ಫೋಟೋ 11ರಿಂದ 15.’ ಇಲ್ಲಿ ‘ಚೆನ್ನಾಗಿದೆ’, ‘ಸುಮಾರಾಗಿದೆ’ ಎಂಬ ಮಾತೇ ಇಲ್ಲ. ಎಲ್ಲಿ, ಏನು, ಎಷ್ಟು ಎಂಬುದಿದೆ. ‘ಸುಮಾರಾಗಿದೆ’ ಎಂದು ಬರೆದರೆ ಓನರ್‌ಗೆ ಒಂದು ಅರ್ಥ, ನಿಮಗೊಂದು. ನಾಣ್ಯದಷ್ಟು ಕಲೆ ಎಂದರೆ ಇಬ್ಬರಿಗೂ ಒಂದೇ. ಇದರಿಂದ ಓನರ್‌ಗೂ ಲಾಭವಿದೆ. ಮುಂದೆ ಕಲೆ ತಟ್ಟೆಯಷ್ಟಾದರೆ, ಅದು ಮೊದಲೇ ಇತ್ತು ಎಂದು ಬಾಡಿಗೆದಾರರು ಹೇಳುವಂತಿಲ್ಲ.

ಸೋಫಾದ ಕುಶನ್ ತೆಗೆದು ಕೆಳಗೆ ನೋಡಿ, ಅಡಿಯ ಬಟ್ಟೆ ಹರಿದಿದೆಯೇ ಎಂದು ಬಗ್ಗಿ ನೋಡಿ. ಗಾಜಿನ ಟೀಪಾಯಿ ಅಥವಾ ಊಟದ ಮೇಜು ಇದ್ದರೆ ಅಂಚನ್ನು ನಾಲ್ಕೂ ಕಡೆ ಬೆರಳಿನಿಂದ ಹುಷಾರಾಗಿ ಸವರಿ. ಮೂಲೆಯ ಚೂರು ಎದ್ದಿರುವುದು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಟಿವಿ ಹಾಕಿ ಪೂರ್ತಿ ಬಿಳಿಯ ಚಿತ್ರವೊಂದನ್ನು ತೋರಿಸಿದರೆ ಸತ್ತ ಚುಕ್ಕೆಗಳೂ ಗೆರೆಗಳೂ ಎದ್ದು ಕಾಣುತ್ತವೆ. ರಿಮೋಟುಗಳನ್ನು ಬೇರೆಯಾಗಿ ಬರೆಯಿರಿ. ಮನೆ ಬಿಡುವಾಗ ಅತಿ ಹೆಚ್ಚು ಕಾಣೆಯಾಗಿರುವ ವಸ್ತು ಬಹುಶಃ ಅದೇ. ಕರ್ಟನ್ನುಗಳನ್ನು ಬಿಡಿಸಿ ಎಣಿಸಿ. ಪಶ್ಚಿಮದ ಕಿಟಕಿಯದು ಬಿಸಿಲಿಗೆ ಬಣ್ಣ ಕಳೆದುಕೊಂಡಿರುತ್ತದೆ, ಅದನ್ನು ಈಗಲೇ ಹೇಳಿಬಿಡಿ.

ಅಡುಗೆಮನೆಯಲ್ಲಿ ನಿಧಾನಿಸಬೇಕು, ಬಿಡಿಭಾಗಗಳು ಹೆಚ್ಚಿರುವುದು ಅಲ್ಲೇ. ‘ಫ್ರಿಜ್ಜು 1’ ಎಂಬ ಸಾಲಿನ ಒಳಗೆ ಎಷ್ಟು ವಸ್ತುಗಳಿವೆ ನೋಡಿ: ಗಾಜಿನ ತಟ್ಟೆಗಳು ಮೂರೋ ನಾಲ್ಕೋ, ತರಕಾರಿ ಡಬ್ಬ, ಬಾಗಿಲಿನ ಅಡ್ಡಪಟ್ಟಿಗಳು, ಮೊಟ್ಟೆ ಇಡುವ ತಟ್ಟೆ, ಐಸಿನ ತಟ್ಟೆ. ಇವು ಬಿಡಿಯಾಗಿ ಕೊಳ್ಳಹೊರಟರೆ ದುಬಾರಿ, ಹಳೆಯ ಮಾದರಿಗಳಿಗೆ ಸಿಗುವುದೇ ಇಲ್ಲ. ಆದ್ದರಿಂದ ಬಾಗಿಲು ತೆರೆದು ಒಂದೊಂದನ್ನೂ ಎಣಿಸಿ, ಬಿರುಕಿದ್ದರೆ ಬರೆಯಿರಿ. ಆಮೇಲೆ ಹತ್ತು ರೂಪಾಯಿಯ ನೋಟೊಂದನ್ನು ಅರ್ಧ ಒಳಗೆ ಅರ್ಧ ಹೊರಗೆ ಇರುವಂತೆ ಹಿಡಿದು ಬಾಗಿಲು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಬಾಗಿಲ ರಬ್ಬರ್ ಸರಿಯಾಗಿದೆ. ಸರಾಗವಾಗಿ ಜಾರಿದರೆ ಆ ಜಾಗದಲ್ಲಿ ತಂಪು ಹೊರಗೆ ಸೋರುತ್ತಿದೆ, ಮೋಟರು ಸುಮ್ಮನೆ ಓಡುತ್ತಿದೆ. ಮೇಲೆ, ಕೆಳಗೆ, ಪಕ್ಕದಲ್ಲಿ ಹೀಗೇ ನೋಡಿ. ಫ್ರಿಜ್ ಚೆನ್ನಾಗಿ ತಂಪು ಮಾಡುತ್ತದೆಯೇ ಎಂಬುದು ಮಾತ್ರ ಅರ್ಧ ಗಂಟೆಯಲ್ಲಿ ತಿಳಿಯುವುದಿಲ್ಲ. ಅದಕ್ಕೆ ಒಂದು ದಿನ ಬೇಕು. ಸದ್ಯಕ್ಕೆ ‘ಪರೀಕ್ಷೆ ಬಾಕಿ’ ಎಂದು ಬರೆಯಿರಿ. ಈ ‘ಬಾಕಿ’ಗಳ ವಿಷಯಕ್ಕೆ ಮುಂದೆ ಬರೋಣ.

ಪ್ರತಿ ಯಂತ್ರದ ಮೇಲೂ ಮಾದರಿಯ ಸಂಖ್ಯೆ ಮತ್ತು ಸೀರಿಯಲ್ ನಂಬರ್ ಇರುವ ಚೀಟಿ ಅಂಟಿಸಿರುತ್ತಾರೆ. ಫ್ರಿಜ್ಜಿನಲ್ಲಿ ಹೆಚ್ಚಾಗಿ ಒಳಗೋಡೆಯಲ್ಲೋ ಹಿಂಭಾಗದಲ್ಲೋ, ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್‌ನಲ್ಲಿ ಬಾಗಿಲ ಚೌಕಟ್ಟಿನಲ್ಲಿ ಇಲ್ಲವೇ ಬೆನ್ನಿನಲ್ಲಿ. ಆ ಚೀಟಿಯ ಫೋಟೋ ತೆಗೆದುಕೊಳ್ಳಿ. ವಾರಂಟಿ ಇನ್ನೂ ಇದೆಯೇ ಎಂದು ಕಂಪನಿಗೆ ಕೇಳಲು, ರಿಪೇರಿಯವರನ್ನು ಕರೆಸಲು ಅದು ಬೇಕು. ಇದು ಓನರ್ ಕೊಟ್ಟ ಅದೇ ಯಂತ್ರ ಎಂದು ಮುಂದೊಂದು ದಿನ ತೋರಿಸಲೂ ಬೇಕು. ಅನೇಕ ಯಂತ್ರಗಳಲ್ಲಿ ತಯಾರಾದ ತಿಂಗಳು, ವರ್ಷವೂ ಅಲ್ಲೇ ಇರುತ್ತದೆ. ಮಾಲೀಕರ ನೆನಪಿಗಿಂತ ಅದು ಖಚಿತ.

ಒಲೆಯ ಪ್ರತಿ ಬರ್ನರನ್ನೂ ಹೊತ್ತಿಸಿ. ಗ್ಯಾಸ್ ಸಿಲಿಂಡರಿನ ಸಂಪರ್ಕ ಓನರ್ ಹೆಸರಿನಲ್ಲಿದ್ದರೆ ಸಿಲಿಂಡರು ಎಷ್ಟು, ರೆಗ್ಯುಲೇಟರ್ ಇದೆಯೇ ಎಂದು ಬರೆಯಿರಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಅದರ ಮೇಲಿನ ಇಸವಿ ಹಳತಾಗಿದ್ದರೆ ಪಟ್ಟಿಯಲ್ಲಿ ಬರೆದು ಸುಮ್ಮನಾಗಬೇಡಿ, ಒಲೆ ಹಚ್ಚುವ ಮೊದಲು ಹೊಸತು ಹಾಕಿಸಿ. ಸಿಂಕಿನ ಕೆಳಗಿನ ಕಬೋರ್ಡಿಗೆ ಟಾರ್ಚ್ ಬಿಟ್ಟು ನೋಡುವುದನ್ನು ಮರೆಯಬೇಡಿ. ಒತ್ತಿ ಮಾಡಿದ ಮರದ ಪುಡಿಯ ಹಲಗೆಗೆ ನೀರು ತಗುಲಿದರೆ ಅಂಚು ಉಬ್ಬಿ ಬಿಚ್ಚಿಕೊಳ್ಳುತ್ತದೆ, ಮತ್ತೆಂದೂ ಸರಿಹೋಗುವುದಿಲ್ಲ. ಸಿಂಕಿನ ಪೈಪು ಸೋರುವ ಮನೆಯಲ್ಲಿ ಇದು ವರ್ಷಗಟ್ಟಲೆ ನಡೆದಿರುತ್ತದೆ, ಕೊನೆಗೆ ಹೊಣೆ ಹೊರುವವರು ಆಗ ಅಲ್ಲಿದ್ದವರು.

ನೀರು ಶುದ್ಧೀಕರಿಸುವ ಆರ್.ಒ. ಯಂತ್ರದ ವಿಷಯದಲ್ಲಿ ಫಿಲ್ಟರ್ ಕೊನೆಯ ಸಲ ಬದಲಾದ ದಿನಾಂಕ ಮುಖ್ಯ. ಸರ್ವಿಸ್ ಮಾಡುವವರು ಅಂಟಿಸಿದ ಚೀಟಿ ಇದ್ದರೆ ಅದರ ಫೋಟೋ ಸಾಕು. ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಮುಂದಿನ ಖರ್ಚು ಯಾರದು ಎಂಬುದು ಆ ಸಾಲಿನ ಪಕ್ಕದಲ್ಲೇ ಬರಲಿ. ಫಿಲ್ಟರು, ಬಲ್ಬು, ರಿಮೋಟಿನ ಸೆಲ್ಲಿನಂಥ ಸವೆದುಹೋಗುವ ವಸ್ತುಗಳನ್ನು ಬಾಡಿಗೆದಾರರೂ, ಯಂತ್ರದ ಒಳಗಿನ ರಿಪೇರಿಯನ್ನು ಓನರೂ ನೋಡಿಕೊಳ್ಳುವುದು ನನ್ನ ಮಟ್ಟಿಗೆ ನ್ಯಾಯ. ಆದರೆ ನ್ಯಾಯವೆಂದು ತೋರುವುದು ಒಬ್ಬೊಬ್ಬರಿಗೆ ಒಂದೊಂದು, ಆದ್ದರಿಂದ ಬರೆದಿರಬೇಕು.

ಬಚ್ಚಲುಮನೆಯ ಗೀಸರಿಗೆ ಒಂದು ಸರಳ ಪರೀಕ್ಷೆಯಿದೆ. ಅದರ ಮೇಲೆ ಎಷ್ಟು ಲೀಟರು, ಎಷ್ಟು ವ್ಯಾಟು ಎಂದು ಬರೆದಿರುತ್ತದೆ. ಸಾಮಾನ್ಯವಾಗಿ 15 ಲೀಟರು, 2000 ವ್ಯಾಟು. ಅಷ್ಟು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಅಷ್ಟು ವಿದ್ಯುತ್ತಿಗೆ ಲೆಕ್ಕದಂತೆ ಸುಮಾರು 18 ನಿಮಿಷ ಸಾಕು. ಆದ್ದರಿಂದ ತಣ್ಣೀರು ತುಂಬಿದ ಗೀಸರಿನ ಸ್ವಿಚ್ ಹಾಕಿ ಗಡಿಯಾರ ನೋಡಿ. ಇಪ್ಪತ್ತು ಇಪ್ಪತ್ತೈದು ನಿಮಿಷದೊಳಗೆ ಬಿಸಿಯಾಗುವ ದೀಪ ತಾನಾಗಿ ಆರಬೇಕು. ಮುಕ್ಕಾಲು ಗಂಟೆಯಾದರೂ ಆರದಿದ್ದರೆ ಸ್ವಿಚ್ ತೆಗೆಯಿರಿ. ಕಾಯಿಲ್ ಅಥವಾ ಥರ್ಮೋಸ್ಟಾಟ್‌ನಲ್ಲಿ ತೊಂದರೆಯಿದೆ. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನದಿಂದ ಕಾಯಿಲ್ ಮೇಲೆ ಸುಣ್ಣದ ಪದರ ಕೂರುತ್ತದೆ, ಒಳಗೆ ಗೊರಗೊರ ಸದ್ದು ಬರತೊಡಗುತ್ತದೆ, ಒಂದು ದಿನ ಕಾಯಿಲ್ ಸುಟ್ಟುಹೋಗುತ್ತದೆ. ಇದು ಯಾರ ತಪ್ಪೂ ಅಲ್ಲ, ಸವೆತ. ಆದರೂ ‘ನಿಮ್ಮ ಕಾಲದಲ್ಲಿ ಸುಟ್ಟಿತಲ್ಲ’ ಎಂಬ ಮಾತು ಬರುವುದು ಇಂಥದಕ್ಕೇ. ಹಾಗಾಗಿ ಈ ಸಾಲಿನಲ್ಲಿ ಗೀಸರಿನ ವಯಸ್ಸು, ದೀಪ ಆರಲು ಹಿಡಿದ ನಿಮಿಷ, ಸದ್ದಿದ್ದರೆ ಸದ್ದು, ಇಷ್ಟೂ ಬರಲಿ. ನೀರು ಕಾಯುವಾಗ ಪಕ್ಕದ ಸುರಕ್ಷಾ ವಾಲ್ವಿನಿಂದ ನಾಲ್ಕು ಹನಿ ಬೀಳುವುದು ಸಹಜ, ದಿನವಿಡೀ ತೊಟ್ಟಿಕ್ಕುವುದು ಸಹಜವಲ್ಲ. ಗೀಸರ್ ಕಾಯುವಷ್ಟರಲ್ಲಿ ನಲ್ಲಿಗಳನ್ನೂ ಫ್ಲಶ್ಶನ್ನೂ ನೋಡಿ ಮುಗಿಸಬಹುದು.

ಬಾಲ್ಕನಿ ಪಕ್ಕದ ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್. ಅದಕ್ಕೆ ಬಟ್ಟೆ ಹಾಕದೆ ಜಾಲಿಸಿ ಹಿಂಡುವ ಚಿಕ್ಕ ಸುತ್ತನ್ನು ಓಡಿಸಿ, ಹಿಂಡುವ ಹೊತ್ತಿನ ಒಂದು ನಿಮಿಷದ ವಿಡಿಯೋ ತೆಗೆಯಿರಿ. ಕಾಗದದಲ್ಲಿ ಬರೆಯಲಾಗದ್ದು ಸದ್ದು ಮತ್ತು ನಡುಕ, ಅದಕ್ಕೇ ವಿಡಿಯೋ. ಬಾಗಿಲ ಸುತ್ತಲಿನ ರಬ್ಬರನ್ನು ಹಿಗ್ಗಿಸಿ ಒಳಮಡಿಕೆ ನೋಡಿ. ಕಪ್ಪು ಬೂಷ್ಟು ಇರುತ್ತದೆ, ಕೆಲವೊಮ್ಮೆ ಹರುಕೂ ಇರುತ್ತದೆ.

ಕರೆಂಟು ಹೋದಾಗ ಮನೆ ನಡೆಸುವ ಯುಪಿಎಸ್ ಬಗ್ಗೆ ಪಟ್ಟಿಗಳಲ್ಲಿ ಬರುವುದು ‘ಯುಪಿಎಸ್ ಬ್ಯಾಟರಿ ಸಹಿತ 1’ ಎಂದಷ್ಟೇ. ಸಾಮಾನು ಸಮೇತದ ಮನೆಗಳಲ್ಲಿ ನನಗೆ ಅತಿ ಅನುಮಾನದ ಸಾಲು ಇದೇ. ನೀರು ಹಾಕುವ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೂ ನಾಲ್ಕೈದು ವರ್ಷಕ್ಕೆ ಮುದಿಯಾಗುತ್ತದೆ, ಬದಲಿಸಲು ಹತ್ತು ಸಾವಿರಕ್ಕೂ ಮೇಲೆ ಬೇಕು. ಡಿಸ್ಟಿಲ್ಡ್ ವಾಟರ್ ಹಾಕದೆ ಬಿಟ್ಟರೆ ಅದಕ್ಕೂ ಮೊದಲೇ ಸಾಯುತ್ತದೆ. ಸತ್ತ ಮೇಲೆ ಹೊರಗಿನಿಂದ ನೋಡಿ ಎರಡರಲ್ಲಿ ಯಾವುದೆಂದು ಹೇಳುವುದು ಕಷ್ಟ. ಹಾಗಾಗಿ ಬ್ಯಾಟರಿಯ ಸೀರಿಯಲ್ ನಂಬರ್, ಮೇಲೆ ಒತ್ತಿರುವ ತಿಂಗಳು ಮತ್ತು ವರ್ಷ, ನೀರಿನ ಮಟ್ಟ ತೋರಿಸುವ ಬೆಂಡುಕಡ್ಡಿಗಳ ಫೋಟೋ, ಇವೆಲ್ಲ ದಾಖಲಾಗಬೇಕು. ಆಮೇಲೆ ಮೇನ್ ಸ್ವಿಚ್ ಇಳಿಸಿ, ಎರಡು ಫ್ಯಾನೂ ನಾಲ್ಕು ದೀಪವೂ ಹಾಕಿಟ್ಟು ಒಂದು ಗಂಟೆ ಬಿಡಿ. 150 ಆಂಪಿಯರ್‌ಅವರ್‌ನ ಹೊಸ ಬ್ಯಾಟರಿ ಇಷ್ಟು ಹೊರೆಯನ್ನು ನಾಲ್ಕೈದು ಗಂಟೆ ಹೊರುತ್ತದೆ. ಒಂದು ಗಂಟೆಯೊಳಗೇ ಕೂಗಿಕೊಂಡರೆ ಅದು ಆಯುಸ್ಸು ಮುಗಿಸಿದೆ. ಓನರ್ ಎದುರಿಗೇ ಇದಾದರೆ ವಾದವೇ ಇಲ್ಲ. ಮುಂದೆ ನೀರು ಹಾಕಿದಾಗಲೆಲ್ಲ ಆ ಕಡ್ಡಿಗಳದೊಂದು ಫೋಟೋ ಓನರ್‌ಗೆ ಕಳಿಸುವ ಅಭ್ಯಾಸ ಇಟ್ಟುಕೊಂಡವರಿಗೆ ಕೊನೆಯ ದಿನ ಈ ಸಾಲಿನ ಚಿಂತೆ ಇರುವುದಿಲ್ಲ.

ಬೆಡ್‌ರೂಮುಗಳಲ್ಲಿ ಹಾಸಿಗೆಯ ಮೇಲಿನ ಬಟ್ಟೆ ತೆಗೆಸಿ, ಹಾಸಿಗೆಯನ್ನು ಎತ್ತಿ ಮಗುಚಿ ಎರಡೂ ಮೈಯ ಫೋಟೋ ತೆಗೆಯಿರಿ. ಹೊಲಿಗೆಯ ಅಂಚಿನಲ್ಲಿ, ಮಂಚದ ಸಂದುಗಳಲ್ಲಿ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳಿದ್ದರೆ ಅದು ತಿಗಣೆಯ ಗುರುತು. ಅದಕ್ಕೆ ಪಟ್ಟಿ ಮದ್ದಲ್ಲ, ಔಷಧಿ ಹೊಡೆಸುವವರೆಗೆ ಸಾಮಾನು ಒಳತರಬಾರದು. ಒಳಗೆ ಜಾಗವಿರುವ ಮಂಚದ ಹಲಗೆಯನ್ನು ಎತ್ತಿ ಕೈಬಿಡದೆ ನೋಡಿ. ಎತ್ತಿ ಹಿಡಿಯುವ ಕೊಳವೆಗಳು ಸೊರಗಿದ್ದರೆ ಅದು ಕೆಳಗೆ ಬೀಳುತ್ತದೆ. ಕಬೋರ್ಡಿನ ಪ್ರತಿ ಬಾಗಿಲು, ಪ್ರತಿ ಡ್ರಾಯರು, ಪ್ರತಿ ಬೀಗ ಆಡಿಸಿ. ಗೋಡೆಯ ಮೊಳೆ, ತೂತು, ತೇವದ ಗುರುತುಗಳನ್ನೂ ಬಿಡಬೇಡಿ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿಯಿದೆಯಷ್ಟೆ. ಹಾಗೆ ಹಿಡಿದ ಮೇಲೆ ಗೋಡೆಯ ಕಲೆಗೆ ಬೇರೆ ಹಣ ಕೇಳುವಂತಿಲ್ಲ ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸಿಕೊಳ್ಳಬಹುದು.

ಸುತ್ತು ಮುಗಿಯಿತು. ಈ ಫ್ಲ್ಯಾಟಿಗೆ ನಾಲ್ಕೈದು ಪುಟದ ಪಟ್ಟಿ, ನೂರರ ಆಸುಪಾಸು ಫೋಟೋ ಆಗುತ್ತದೆ. ಫೋಟೋಗಳನ್ನು ಒಂದು ದೂರದಿಂದ, ಒಂದು ಹತ್ತಿರದಿಂದ ಎಂಬಂತೆ ಜೋಡಿಯಾಗಿ ತೆಗೆದಿರಬೇಕು. ಕಲೆಯನ್ನಷ್ಟೇ ಹತ್ತಿರದಿಂದ ತೆಗೆದರೆ ಅದು ಯಾವ ಮನೆಯ ಯಾವ ಸೋಫಾ ಎಂದು ಯಾರಿಗೂ ಹೇಳಲಾಗದು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿಯೇ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನ ಮತ್ತು ಹೊತ್ತಿನ ಒಳವಿವರ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಅದೇ ದಿನ ಇಮೇಲ್ ಮಾಡಿ. ಆದರೆ ಫೋಟೋಗಳನ್ನೇ ನೆಚ್ಚಿ ಕಾಗದವನ್ನು ಬಿಡಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಜೊತೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಇಬ್ಬರೂ ಪ್ರತಿ ಪುಟಕ್ಕೆ ಸಹಿ ಹಾಕಿದ ಕಾಗದಕ್ಕೆ ಅಂಥ ಗೊಡವೆಯಿಲ್ಲ. ನಿಜ ಹೇಳಬೇಕೆಂದರೆ ಇಂಥ ಜಗಳಗಳು ನ್ಯಾಯಾಲಯಕ್ಕೆ ಹೋಗುವುದೇ ಅಪರೂಪ. ಹಾಲ್‌ನಲ್ಲಿ ನಿಂತು ಕಾಗದ ತೋರಿಸಿದಾಗಲೇ ಮುಗಿಯುತ್ತವೆ.

ಆ ಕಾಗದ ಕರಾರಿಗೆ ಅಂಟಿಕೊಂಡಿರಬೇಕು. ಕರಾರಿನ ಒಳಗೆ, ‘ಸಾಮಾನುಗಳ ವಿವರ ಮತ್ತು ಸ್ಥಿತಿ ಇದರೊಂದಿಗಿರುವ ಅನುಬಂಧದಲ್ಲಿ ಇರುವಂತೆ’ ಎಂದು ಬರೆಸಿ, ಸುಸ್ಥಿತಿಯ ಹಳೆಯ ಸಾಲನ್ನು ತೆಗೆಸಿ. ಎರಡು ಪ್ರತಿ ಮಾಡಿ ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳಿ. ‘ಪರೀಕ್ಷೆ ಬಾಕಿ’ ಎಂದು ಬಿಟ್ಟಿದ್ದ ಫ್ರಿಜ್ಜಿನಂಥವಕ್ಕಾಗಿ ಇನ್ನೊಂದು ಸಾಲು ಬೇಕು: ಬಂದ ಹತ್ತು ದಿನದೊಳಗೆ ಕಂಡ ನ್ಯೂನತೆಯನ್ನು ಬರಹದಲ್ಲಿ ತಿಳಿಸಿದರೆ ಅದೂ ಪಟ್ಟಿಯ ಭಾಗ. ಓನರ್ ಬಳಿ ಇದನ್ನು ಕೇಳಲು ಮುಜುಗರಪಡುವವರು ಬಹಳ. ‘ಸಾರ್, ನಿಮ್ಮ ಸಾಮಾನಿಗೂ ಒಂದು ದಾಖಲೆ ಇದ್ದಂತಾಯಿತು’ ಎಂದರೆ ಮುಖ ಗಂಟಿಕ್ಕುವವರು ಕಡಿಮೆ. ಅಷ್ಟಕ್ಕೂ ಸಹಿ ಹಾಕಲು ಒಪ್ಪದಿದ್ದರೆ ಪಟ್ಟಿಯನ್ನು ಇಮೇಲ್ ಮಾಡಿ, ವ್ಯತ್ಯಾಸವಿದ್ದರೆ ವಾರದೊಳಗೆ ತಿಳಿಸಿ ಎಂದು ಕೇಳಿ. ಸಹಿಯಷ್ಟು ಗಟ್ಟಿಯಲ್ಲ, ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಕಾಲಂ ಇದೆ, ಬಹುಪಾಲು ಪಟ್ಟಿಗಳಲ್ಲಿ ಇಲ್ಲದ್ದು: ಕೊಂಡ ವರ್ಷ ಮತ್ತು ಸುಮಾರು ಬೆಲೆ. ಅದರ ಉಪಯೋಗ ಮನೆ ಬಿಡುವ ದಿನ ತಿಳಿಯುತ್ತದೆ. ನಮ್ಮ ಜೆ.ಪಿ. ನಗರದ ದಂಪತಿ ಎರಡು ಸಲ ಕರಾರು ಮುಂದುವರಿಸಿ 2025ರಲ್ಲಿ ಮನೆ ಬಿಡುತ್ತಾರೆ ಎನ್ನೋಣ. ಅದೇ ಪಟ್ಟಿ ಹಿಡಿದು, ಅದೇ ಕ್ರಮದಲ್ಲಿ, ಎಡಗಡೆಯಿಂದಲೇ ಮತ್ತೆ ಸುತ್ತುತ್ತಾರೆ. ಸೋಫಾದ ಬಣ್ಣ ಇನ್ನಷ್ಟು ಮಾಸಿದೆ. ಅದು ಸವೆತ, ಲೆಕ್ಕಕ್ಕಿಲ್ಲ. ವಾಷಿಂಗ್ ಮೆಷಿನ್ ಹಿಂಡುವಾಗ ಸದ್ದು ಜೋರಾಗಿದೆ. ಹಳೆಯ ವಿಡಿಯೋದಲ್ಲೂ ಸದ್ದಿತ್ತು, ಬೇರಿಂಗ್ ಸವೆಯುವುದು ಯಂತ್ರದ ಸ್ವಭಾವ, ಅದೂ ಲೆಕ್ಕಕ್ಕಿಲ್ಲ. ಫ್ರಿಜ್ಜಿನ ತರಕಾರಿ ಡಬ್ಬ ಒಡೆದಿದೆ, ಪಟ್ಟಿಯಲ್ಲಿ ಬಿರುಕಿಲ್ಲ ಎಂದಿದೆ. ಡಬ್ಬದ ಬೆಲೆ ಕೊಡಬೇಕು, ಫ್ರಿಜ್ಜಿನದಲ್ಲ. ಉಳಿದದ್ದು ಹಾಸಿಗೆ. ಅದರ ಮೇಲೆ ಕಾಫಿಯ ದೊಡ್ಡ ಕಲೆ, ಬಂದಾಗ ಇರಲಿಲ್ಲ. ಓನರ್ ಹೊಸ ಹಾಸಿಗೆಯ ಬೆಲೆ ಕೇಳುತ್ತಾರೆ. ಪಟ್ಟಿಯಲ್ಲಿ 2020ರಲ್ಲಿ 18,000ಕ್ಕೆ ಕೊಂಡದ್ದೆಂದಿದೆ. ಇಂಥ ಹಾಸಿಗೆ ಹತ್ತು ವರ್ಷ ಬಾಳುತ್ತದೆ ಎಂದು ಇಬ್ಬರೂ ಒಪ್ಪಿದರೆ ಐದು ವರ್ಷದ ಬಾಳಿಕೆ ಆಗಲೇ ಕಳೆದಿದೆ, ಉಳಿದ ಅರ್ಧಕ್ಕೆ 9,000. ಕಲೆ ತೊಳೆಸಿದರೆ ಹೋಗುವಂಥದಾದರೆ ತೊಳೆಸುವ ಖರ್ಚಷ್ಟೇ. ಹತ್ತು ವರ್ಷ ಎಂಬುದು ಕಾನೂನಿನ ಅಂಕಿಯಲ್ಲ, ಇಬ್ಬರ ಒಪ್ಪಂದ. ಯಾವ ವಸ್ತುವಿಗೆ ಎಷ್ಟು ಬಾಳಿಕೆ ಎಂದು ಬರುವ ದಿನವೇ ಬರೆದುಕೊಂಡರೆ ಆಗ ಇಬ್ಬರ ಮನಸ್ಸೂ ತಣ್ಣಗಿರುತ್ತದೆ, ಅಂಕಿ ಸುಲಭವಾಗಿ ಸಿಗುತ್ತದೆ. ಕೊನೆಯ ದಿನ ಪ್ರತಿ ಸಾಲಿನ ಮುಂದೆ ‘ಸರಿ’, ‘ಸವೆತ’ ಅಥವಾ ಒಪ್ಪಿದ ಮೊತ್ತ ಬರೆದು, ಇಬ್ಬರೂ ಸಹಿ ಹಾಕಿ, ಆಮೇಲೆ ಬೀಗದ ಕೈ ಕೊಡಬೇಕು. ಕೈ ಕೊಟ್ಟ ಮೇಲೆ ಒಳಗೆ ಏನಾಯಿತೆಂದು ನಿಮಗೆ ಗೊತ್ತಾಗುವುದಿಲ್ಲ.

ಮಧ್ಯದ ವರ್ಷಗಳಲ್ಲಿ ಪಟ್ಟಿ ಹಳತಾಗುತ್ತದೆ ಎಂಬುದನ್ನು ಮರೆಯಬಾರದು. ಓನರ್ ಒಂದು ದಿನ ಬಂದು ಊಟದ ಮೇಜನ್ನು ಮಗನ ಮನೆಗೆ ಸಾಗಿಸುತ್ತಾರೆ. ಮಿಕ್ಸಿ ಸುಟ್ಟು ಹೊಸದು ಬರುತ್ತದೆ. ಸರ್ವಿಸ್‌ನವರು ಗೀಸರಿನ ಕಾಯಿಲ್ ಬದಲಿಸುತ್ತಾರೆ. ಇಂಥದೊಂದು ನಡೆದಾಗಲೆಲ್ಲ, ‘ಹಾ-7, ಊಟದ ಮೇಜು, ಇಂದು ನೀವು ತೆಗೆದುಕೊಂಡು ಹೋದಿರಿ’ ಎಂದು ಒಂದು ಸಾಲಿನ ಸಂದೇಶ ಹೋಗಲಿ, ಅವರ ‘ಸರಿ’ ಬರಲಿ. ಬಾಡಿಗೆದಾರರು ಸ್ವಂತ ಖರ್ಚಿನಲ್ಲಿ ತಂದದ್ದಕ್ಕೂ ಇದೇ ಕ್ರಮ. ಹಾಲ್‌ನ ಹಳೆಯ ಫ್ಯಾನು ಗೊಣಗುತ್ತದೆಂದು ಕಡಿಮೆ ಕರೆಂಟಿನ ಹೊಸ ಫ್ಯಾನು ಹಾಕಿಸಿದಿರಿ ಎನ್ನಿ. ಹೊಸದು ನಿಮ್ಮದು, ಹೋಗುವಾಗ ಬಿಚ್ಚಿಕೊಂಡು ಹೋಗಬಹುದು, ಆದರೆ ಐದು ಫ್ಯಾನಿನ ಲೆಕ್ಕ ಸರಿಹೋಗಲು ಹಳೆಯದನ್ನು ಮತ್ತೆ ತೂಗುಹಾಕಿಸಬೇಕು. ‘ಹಾ-9 ಫ್ಯಾನು, ರೆಕ್ಕೆ ಮೂರು, ರೆಗ್ಯುಲೇಟರ್ ಸಮೇತ ಅಟ್ಟದ ಮೇಲಿದೆ’ ಎಂದು ಬರೆದಿಟ್ಟಿದ್ದರೆ ಎಲೆಕ್ಟ್ರಿಷಿಯನ್ ಬಂದ ದಿನ ಹುಡುಕಾಟವಿಲ್ಲ.